ಹಾಕಿದ ದುಡ್ಡು ಎಷ್ಟು ದಿನಕ್ಕೆ ಮರಳುತ್ತದೆ?

ಹೈದರಾಬಾದಿನ ಬೇಗಂ ಬಜಾರು ಹಳೆಯ ಸಗಟು ಪೇಟೆ. ಪಾತ್ರೆ, ಒಣಹಣ್ಣು, ಕಿರಾಣಿ ಸಾಮಾನು ಇಲ್ಲಿಂದ ಸುತ್ತಲಿನ ಊರುಗಳ ಅಂಗಡಿಗಳಿಗೆ ಹೋಗುತ್ತವೆ. ಇಂಥ ಪೇಟೆಗಳಲ್ಲಿ ಸಣ್ಣ ವ್ಯಾಪಾರಿಯನ್ನು ಕಾಡುವ ಪ್ರಶ್ನೆ ಒಂದೇ: ವರ್ಷದ ಕೊನೆಗೆ ಪುಸ್ತಕದಲ್ಲಿ ಲಾಭ ಕಾಣುತ್ತದೆ, ಗಲ್ಲೆಯಲ್ಲಿ ದುಡ್ಡೇಕೆ ಕಾಣುವುದಿಲ್ಲ?

ಉತ್ತರ ಮೂರು ಎಣಿಕೆಗಳಲ್ಲಿದೆ. ತಂದ ಮಾಲು ಮಾರಾಟವಾಗುವವರೆಗೆ ಎಷ್ಟು ದಿನ ಕೂರುತ್ತದೆ, ಮಾರಿದ ಮೇಲೆ ಉದ್ದರಿ ವಸೂಲಾಗಲು ಎಷ್ಟು ದಿನ ಬೇಕು, ತಾನು ಮಾಲು ತಂದವರಿಗೆ ಎಷ್ಟು ದಿನಕ್ಕೆ ಹಣ ಕೊಡುತ್ತಾನೆ. ಮೊದಲೆರಡನ್ನು ಕೂಡಿ ಮೂರನೆಯದನ್ನು ಕಳೆದರೆ, ವ್ಯಾಪಾರಿ ತನ್ನ ಕೈಯಿಂದ ಹಾಕಿದ ದುಡ್ಡು ಎಷ್ಟು ದಿನ ಹೊರಗೆ ಇರುತ್ತದೆ ಎಂಬುದು ತಿಳಿಯುತ್ತದೆ.

ಸ್ಟೀಲ್ ಪಾತ್ರೆಯ ಒಂದು ಸಗಟು ಅಂಗಡಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ವರ್ಷದ ಮಾರಾಟ 120 ಲಕ್ಷ ರೂಪಾಯಿ, ಮಾರಿದ ಮಾಲಿನ ಅಸಲು 96 ಲಕ್ಷ. ಅಂಗಡಿ, ಗೋದಾಮು ಸೇರಿ ಸರಾಸರಿ 16 ಲಕ್ಷದ ದಾಸ್ತಾನು. ಅದನ್ನು 96ರಿಂದ ಭಾಗಿಸಿ 360ರಿಂದ ಗುಣಿಸಿದರೆ 60 ದಿನ. ಬರಬೇಕಾದ ಬಾಕಿ 15 ಲಕ್ಷ. ಮಾರಾಟದ ಲೆಕ್ಕದಲ್ಲಿ 45 ದಿನ. ಕೊಡಬೇಕಾದದ್ದು 8 ಲಕ್ಷ. ಅಸಲಿನ ಲೆಕ್ಕದಲ್ಲಿ 30 ದಿನ. ಚಕ್ರ 75 ದಿನದ್ದು, ಸಿಕ್ಕಿಕೊಂಡ ಹಣ 23 ಲಕ್ಷ.

ಮುಂದಿನ ವರ್ಷ ಮಾರಾಟ 150 ಲಕ್ಷಕ್ಕೆ ಏರಿತು ಎನ್ನೋಣ. ದಿನಗಳು ಬದಲಾಗದಿದ್ದರೆ ಸಿಕ್ಕಿಕೊಳ್ಳುವ ಹಣವೂ 28.75 ಲಕ್ಷಕ್ಕೆ ಏರುತ್ತದೆ, ಅಂದರೆ ಹೊಸದಾಗಿ 5.75 ಲಕ್ಷ ಬೇಕು. ಲಾಭ 10 ಲಕ್ಷ ಬಂದು, ಮನೆಖರ್ಚು ಮತ್ತು ತೆರಿಗೆಗೆ 7 ಲಕ್ಷ ಹೋದರೆ ಉಳಿಯುವುದು 3 ಲಕ್ಷ. ವ್ಯಾಪಾರ ಬೆಳೆದ ವರ್ಷವೇ 2.75 ಲಕ್ಷದ ಕೊರತೆ!

ಆಗ ಹೆಚ್ಚಿನವರು ಮೊದಲು ಮಾಡುವುದು ಮಾಲು ಕೊಟ್ಟವರನ್ನು ಕಾಯಿಸುವುದು. ಇದು ಬಡ್ಡಿಯಿಲ್ಲದ ಸಾಲದಂತೆ ಕಾಣುತ್ತದೆ, ಆದರೆ ಹಾಗಲ್ಲ. 30 ದಿನದ ಬದಲು 7 ದಿನದಲ್ಲಿ ಕೊಟ್ಟರೆ ಶೇ. 2 ರಿಯಾಯಿತಿ ಎಂದು ತಯಾರಕ ಹೇಳಿದ್ದರೆ, ಅದನ್ನು ಬಿಡುವುದೆಂದರೆ 23 ದಿನಕ್ಕೆ ಶೇ. 2ರಷ್ಟು ತೆತ್ತಂತೆ, ವರ್ಷದ ಲೆಕ್ಕದಲ್ಲಿ ಶೇ. 30ಕ್ಕೂ ಮೇಲೆ. ಶೇ. 12ರ ಬ್ಯಾಂಕ್ ಸಾಲ ಅದಕ್ಕಿಂತ ಎಷ್ಟೋ ಅಗ್ಗ.

ಕಾನೂನಿನ ಮಿತಿಯೂ ಇದೆ. ನೋಂದಾಯಿತ ಕಿರು ಅಥವಾ ಸಣ್ಣ ತಯಾರಕನಿಂದ ಮಾಲು ತಂದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಇದೇ ರಕ್ಷಣೆ ವ್ಯಾಪಾರಿಗೆ ಸಿಗುವುದಿಲ್ಲ. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಗೆ ಅವಕಾಶ ಕೊಟ್ಟಾಗ, ಆದ್ಯತಾ ವಲಯದ ಸಾಲದ ಸೌಲಭ್ಯವನ್ನಷ್ಟೇ ಕೊಡಲಾಯಿತು. ತಾನು ಕೊಡುವುದಕ್ಕೆ ಗಡುವಿದೆ, ತನಗೆ ಬರುವುದಕ್ಕಿಲ್ಲ.

ಹಾಗಾಗಿ ಕೈ ಹಾಕಬೇಕಾದ ಮೊದಲ ಜಾಗ ದಾಸ್ತಾನು, ಏಕೆಂದರೆ ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಪ್ರತಿ ಮಾಲಿನ ಮುಂದೆ ಅದು ಕೊನೆಯ ಸಲ ಮಾರಾಟವಾದ ದಿನಾಂಕ ಬರೆದರೆ ಸಾಕು, ನಿಂತ ಮಾಲು ಕಣ್ಣಿಗೆ ಬೀಳುತ್ತದೆ. ನಮ್ಮ ಅಂಗಡಿಯ 16 ಲಕ್ಷದಲ್ಲಿ 4 ಲಕ್ಷದ ಹಳೆಯ ನಮೂನೆಗಳು ಆರು ತಿಂಗಳಿಂದ ಕದಲಿಲ್ಲ ಎನ್ನೋಣ. ಅಸಲಿಗಿಂತ ಶೇ. 10 ಕಡಿಮೆಗೆ ಕೊಟ್ಟರೆ ನಷ್ಟ 40 ಸಾವಿರ. ಇಟ್ಟುಕೊಂಡರೆ ಶೇ. 12ರ ಬಡ್ಡಿಯಲ್ಲಿ ಹತ್ತೇ ತಿಂಗಳಿಗೆ ಅಷ್ಟೇ ಖರ್ಚು, ಗೋದಾಮಿನ ಬಾಡಿಗೆ ಬೇರೆ. ಮಾರಿದರೆ 3.6 ಲಕ್ಷ ಕೈಗೆ ಬರುತ್ತದೆ, ದಾಸ್ತಾನಿನ ದಿನಗಳು 45ಕ್ಕೆ ಇಳಿಯುತ್ತವೆ, ಆ 2.75 ಲಕ್ಷದ ಕೊರತೆಯೂ ತುಂಬುತ್ತದೆ.

ಉದ್ದರಿಯ ವಿಷಯದಲ್ಲಿ ಸರಾಸರಿಯನ್ನು ನಂಬುವಂತಿಲ್ಲ. 45 ದಿನ ಎಂಬ ಅಂಕಿಯ ಹಿಂದೆ ಇಪ್ಪತ್ತೇ ದಿನದಲ್ಲಿ ಕೊಡುವ ಗಿರಾಕಿಯೂ, ಆರು ತಿಂಗಳಿಂದ ಸತಾಯಿಸುವವನೂ ಇರಬಹುದು. ಬಾಕಿಯನ್ನು 30, 60, 90 ದಿನಗಳ ಗುಂಪುಗಳಾಗಿ ಬೇರ್ಪಡಿಸಬೇಕು. ಬ್ಯಾಂಕುಗಳು ಸಿಸಿ ಖಾತೆಯ ಮಿತಿ ಲೆಕ್ಕ ಹಾಕುವಾಗ ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಹಿಡಿಯುವುದಿಲ್ಲ. ಅಷ್ಟರಮಟ್ಟಿಗೆ ವ್ಯಾಪಾರಿಯ ಸ್ವಂತ ದುಡ್ಡೇ ನಿಂತಿರುತ್ತದೆ. ಹಳೆಯ ಬಾಕಿ ತೀರುವವರೆಗೆ ಅಂಥ ಗಿರಾಕಿಗೆ ಹೊಸ ಮಾಲು ನಗದಿಗಷ್ಟೇ ಕೊಡುವುದು ಸರಿ.

ಅಳತೆಯ ದಿನವೂ ಮುಖ್ಯ. ಧನತ್ರಯೋದಶಿಗೆ ಮುನ್ನ ಪಾತ್ರೆಯ ಗೋದಾಮು ತುಂಬಿರುತ್ತದೆ, ಹಬ್ಬ ಮುಗಿದ ಮೇಲೆ ಬರಿದಾಗುತ್ತದೆ. ಮಾರ್ಚ್ 31ರ ಒಂದೇ ಅಂಕಿಯಿಂದ ತೆಗೆದ ದಿನಗಳು ವರ್ಷದ ನಿಜಸ್ಥಿತಿ ಹೇಳುವುದಿಲ್ಲ. ಹನ್ನೆರಡು ತಿಂಗಳ ಕೊನೆಯ ದಾಸ್ತಾನು, ಬಾಕಿಗಳ ಸರಾಸರಿ ಹಿಡಿದರೆ ಅದು ತಿಳಿಯುತ್ತದೆ, ಆ ತಿಂಗಳವಾರು ಅಂಕಿಗಳಿಂದ ಹಬ್ಬಕ್ಕೆ ಮುನ್ನ ಎಷ್ಟು ಸಾಲ ಬೇಕಾದೀತು ಎಂದು ಬ್ಯಾಂಕಿಗೆ ಮೊದಲೇ ಹೇಳಲು ಆಧಾರ ಸಿಗುತ್ತದೆ.