‘ಸಂಸ್ಕರಿತ ಜಲ’ ಕುಡಿದವನ ತಪ್ಪೇನು?

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳ ತೋಟದಲ್ಲಿ ಕೆಲವು ಕಡೆ ಎರಡು ಬಗೆಯ ನಲ್ಲಿಗಳಿರುತ್ತವೆ. ಒಂದರಲ್ಲಿ ಕಾವೇರಿ ಅಥವಾ ಬೋರ್‌ವೆಲ್ ನೀರು. ಇನ್ನೊಂದರಲ್ಲಿ ಅದೇ ಕಟ್ಟಡದ ಬಚ್ಚಲು, ಅಡುಗೆಮನೆ, ಕಕ್ಕಸುಗಳಿಂದ ಇಳಿದು, ಎಸ್‌ಟಿಪಿ ಹಾದು ಬಂದ ನೀರು. ಎರಡನೆಯದರ ಮೇಲೆ ಒಂದು ತಗಡಿನ ಫಲಕ: ‘ಸಂಸ್ಕರಿತ ಜಲ – ಪಾನಯೋಗ್ಯವಲ್ಲ.’

ಎಸ್‌ಟಿಪಿ ಚೆನ್ನಾಗಿ ನಡೆಯುತ್ತಿದ್ದರೆ ಈ ನೀರನ್ನು ಕಣ್ಣು ಗುರುತಿಸಲಾರದು. ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದಿರುತ್ತವೆ, ಮರಳು ಮತ್ತು ಇದ್ದಿಲಿನ ಫಿಲ್ಟರುಗಳು ಮಡ್ಡಿ, ಬಣ್ಣ, ವಾಸನೆಗಳನ್ನು ತೆಗೆದಿರುತ್ತವೆ. ಕೊನೆಗೆ ಕ್ಲೋರಿನ್ ಸೇರುತ್ತದೆ. ಆದರೆ ಕ್ಲೋರಿನ್ ಒಂದು ದಿನ ಕಡಿಮೆ ಬಿದ್ದರೂ ನೀರು ಅಷ್ಟೇ ತಿಳಿಯಾಗಿ ಕಾಣುತ್ತದೆ; ರೋಗಾಣು ಮಾತ್ರ ಉಳಿದಿರುತ್ತದೆ. ಬಿಸಿಲಲ್ಲಿ ಬಾಯಾರಿದ ತೋಟದ ಕೆಲಸದವನಿಗೂ ಆ ನೀರಿಗೂ ನಡುವೆ ಇರುವುದು ಆ ಫಲಕ ಒಂದೇ.

ಅವನು ಅದನ್ನು ಹೇಗೆ ಓದುತ್ತಾನೆ? ‘ಸಂಸ್ಕರಿತ’ ಎಂದಾಗ ಅವನಿಗೆ ನೆನಪಾಗುವುದು ಸಂಸ್ಕಾರ, ಸಂಸ್ಕೃತಿ, ಎರಡೂ ಒಳ್ಳೆಯವೇ. ಕೆಲವರು ‘ಶುದ್ಧೀಕರಿಸಿದ ನೀರು’ ಎಂದು ಬರೆಸುತ್ತಾರೆ, ಅದು ಇನ್ನೂ ಕೆಟ್ಟದ್ದು. ಅವನ ಊರಿನಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಜಾಗದ ಹೆಸರೇ ‘ಶುದ್ಧ ಕುಡಿಯುವ ನೀರಿನ ಘಟಕ’. ಇನ್ನು ‘ಪಾನಯೋಗ್ಯವಲ್ಲ’ ಎಂಬುದರಲ್ಲಿ ಎಚ್ಚರಿಕೆಯೆಲ್ಲ ಕೊನೆಯ ‘ವಲ್ಲ’ದಲ್ಲಿದೆ. ಪೈಪಿನ ಕ್ಲಾಂಪು ಆ ಎರಡು ಅಕ್ಷರದ ಮೇಲೆ ಕೂತರೆ, ಬಣ್ಣ ಅಲ್ಲಿಷ್ಟು ಉದುರಿದರೆ, ಉಳಿಯುವುದು ‘ಪಾನಯೋಗ್ಯ’. ‘ಅಪೇಯ’ ಎಂದು ಬರೆಸುವ ಪಂಡಿತರ ಫಲಕದಲ್ಲಂತೂ ಜೀವ ಉಳಿಸುವ ಹೊಣೆ ಒಂದೇ ಒಂದು ‘ಅ’ಕಾರದ ಮೇಲೆ.

ಹಾಗೆಂದು ಸಂಸ್ಕೃತದ ಪದ ಕಂಡಲ್ಲೆಲ್ಲ ಕಿತ್ತುಹಾಕಿ ಅಚ್ಚಗನ್ನಡ ತುಂಬಿದರೆ ಕೆಲಸ ಮುಗಿಯಿತೆನ್ನುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಅವರು ಕೊಡಬಹುದಾದ ಪದ ‘ಸೋಸಿದ ನೀರು’. ಅಪ್ಪಟ ಕನ್ನಡ, ಎಲ್ಲರಿಗೂ ಗೊತ್ತು. ಆದರೆ ಮನೆಯಲ್ಲಿ ನೀರು ಸೋಸುವುದು ಕುಡಿಯುವುದಕ್ಕೇ ಅಲ್ಲವೇ? ಅತ್ತ ‘ಅಪಾಯ’ ಸಂಸ್ಕೃತದ್ದು. ಟ್ರಾನ್ಸ್‌ಫಾರ್ಮರ್ ಬೇಲಿಯ ಮೇಲೆ ಅದನ್ನು ಓದಿ ಅರ್ಥವಾಗದೆ ನಿಂತವರು ಯಾರೂ ಇರಲಾರರು. ಪದ ಎಲ್ಲಿಂದ ಬಂತು ಎಂಬುದು ನಿಘಂಟಿನವರ ಪ್ರಶ್ನೆ. ಫಲಕ ಬರೆಯುವವರು ಕೇಳಬೇಕಾದದ್ದು, ಇದನ್ನು ಓದಿದವನ ತಲೆಯಲ್ಲಿ ಮೊದಲು ಮೂಡುವ ಚಿತ್ರ ಯಾವುದು ಎಂಬುದನ್ನು.

ನಿಜವಾದ ಎಡವಟ್ಟು ಇಂಗ್ಲಿಷಿನಿಂದಲೇ ಶುರುವಾಗುತ್ತದೆ. ‘ಟ್ರೀಟೆಡ್ ವಾಟರ್’ ಎನ್ನುವುದು ಏನನ್ನು ಟ್ರೀಟ್ ಮಾಡಿದ್ದೆಂದು ಹೇಳದ, ಮರ್ಯಾದಸ್ತರ ಮಾತು. ಅನುವಾದಕರು ಆ ಮರೆಮಾಚುವಿಕೆಯನ್ನೂ ನಿಷ್ಠೆಯಿಂದ ಅನುವಾದಿಸಿದ್ದಾರೆ. ಬೇಕಾಗಿದ್ದ ಫಲಕ ಇಷ್ಟು: ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿ ‘ಕುಡಿಯಬೇಡಿ’, ಕೆಳಗೆ ‘ಇದು ಚರಂಡಿಯಿಂದ ಬಂದ ನೀರು’, ಅದರ ಕೆಳಗೆ ‘ಗಿಡಕ್ಕೆ ಮಾತ್ರ’. ಓದಲು ಬಾರದವರಿಗೆ ಪಕ್ಕದಲ್ಲಿ ಅಡ್ಡಗೆರೆ ಎಳೆದ ಲೋಟದ ಚಿತ್ರ. (‘ಮಾತ್ರ’ ಕೂಡ ಸಂಸ್ಕೃತವೇ. ಇರಲಿ, ಅದರಿಂದ ಯಾರಿಗೂ ವಾಂತಿಭೇದಿಯಾಗುವುದಿಲ್ಲ.)

‘ಚರಂಡಿ’ ಎಂದೊಡನೆ ಅಪಾರ್ಟ್‌ಮೆಂಟಿನ ಸಮಿತಿ ಮುಖ ಸಿಂಡರಿಸುತ್ತದೆ. ಅವರ ಆತಂಕ ಸುಳ್ಳಲ್ಲ: ಹೀಗೆ ಬರೆದರೆ ಫ್ಲಶ್‌ಗೂ ಈ ನೀರು ಬೇಡವೆಂದು ನಿವಾಸಿಗಳು ಹಟ ಹಿಡಿಯಬಹುದು, ಆಮೇಲೆ ಟ್ಯಾಂಕರ್ ತರಿಸಬೇಕು. ಆದರೆ ನಿವಾಸಿಗಳನ್ನು ಒಪ್ಪಿಸುವ ಜಾಗ ಸಭೆ, ನೋಟಿಸ್ ಬೋರ್ಡು. ನಲ್ಲಿಯ ಮೇಲಿನ ತಗಡು ಯಾರನ್ನೂ ಒಪ್ಪಿಸಬೇಕಾಗಿಲ್ಲ, ತಡೆಯಬೇಕು. ಮಾತು ಒರಟಾಯಿತು ಎನ್ನುವವರು ಸರ್ಕಾರಿ ಸಂಸ್ಥೆಯ ಹೆಸರನ್ನೇ ನೋಡಲಿ: ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಚರಂಡಿ ಅಲ್ಲಿ ಸಲೀಸಾಗಿ ಕೂತಿದೆ. ಚೆನ್ನೈಯಲ್ಲಿರುವವರು ದಿನಾ ನೋಡುವ ‘ಕುಡಿನೀರ್’ ಕೂಡ ಹಾಗೆಯೇ, ಅಡುಗೆಮನೆಯ ಮಾತೂ ಹೌದು, ಮಂಡಳಿಯ ಹೆಸರೂ ಹೌದು.

ಆಡುಮಾತಿಗೂ ತೊಡಕುಗಳಿವೆ. ಮೈಸೂರಿನ ‘ನಲ್ಲಿ’ ಧಾರವಾಡದಲ್ಲಿ ‘ನಳ’. ಚರಂಡಿ ಅಲ್ಲಿ ‘ಗಟಾರ’. ಬೆಂಗಳೂರಿನ ತೋಟಗಳಲ್ಲಿ ರಾಯಚೂರು, ಕಲಬುರಗಿಯವರೂ ದುಡಿಯುತ್ತಾರೆ. ನಲ್ಲಿಯ ಜಗಳ ಸುಲಭ: ಫಲಕ ಅದರ ಮೇಲೆಯೇ ಇರುವುದರಿಂದ ಹೆಸರು ಬೇಕಿಲ್ಲ, ‘ಇದು’ ಸಾಕು. ಚರಂಡಿಯ ವಿಷಯ ಕೂತಲ್ಲೇ ತೀರ್ಮಾನವಾಗದು. ಕರಡನ್ನು ಆ ಕೆಲಸದವರಿಗೇ ತೋರಿಸಬೇಕು. ‘ಅರ್ಥವಾಯಿತಾ?’ ಎಂದು ಕೇಳಿದರೆ ಮರ್ಯಾದೆಗಾದರೂ ‘ಹೂಂ ಸಾರ್’ ಅನ್ನುತ್ತಾರೆ. ‘ಈ ನೀರು ಎಲ್ಲಿಂದ ಬಂತು? ಬಾಯಾರಿದರೆ ಇದನ್ನು ಏನು ಮಾಡ್ತೀರಿ?’ ಎಂದು ಕೇಳಬೇಕು. ನಾಲ್ಕಾರು ಜನರಲ್ಲಿ ಒಬ್ಬ ‘ಫಿಲ್ಟರ್ ನೀರಲ್ವಾ, ಕುಡೀಬಹುದು’ ಅಂದರೂ ಆ ತಗಡು ಪ್ರೆಸ್ಸಿಗೆ ಹೋಗಬಾರದು.