ಸಲಾಮಿಗೆ ಉತ್ತರ ಕೊಡೋಣ, ಸರಕಿಗೆ ‘ಬೇಡ’ ಎನ್ನೋಣ

“ಅಸ್ಸಲಾಮು ಅಲೈಕುಮ್ ಚಾಚಾ, ಮನ್ಯಾಗ ಎಲ್ಲಾರೂ ಆರಾಮ ಇದ್ದೀರೇನ್ರಿ?” ಕಲಬುರಗಿಯ ಮನೆಗಳಿಗೂ ಕಮಲಾಪುರದ ಹೊಲಗಳಿಗೂ ಹೀಗೆ ಆರಂಭವಾಗುವ ಅಪರಿಚಿತ ಕರೆಗಳು ಬರುತ್ತವೆ. ಕ್ಷೇಮ ವಿಚಾರಿಸಿದವನಿಗೆ ಉತ್ತರಿಸದಿರುವುದು ನಮ್ಮ ಸಂಸ್ಕಾರವಲ್ಲ. ಮಾರಾಟಗಾರ ಬಲ್ಲದ್ದು ಇದನ್ನೇ. ನಾವು ‘ಆರಾಮ’ ಎನ್ನುವಷ್ಟರಲ್ಲಿ ಪ್ಲಾಟು, ಸಾಲ ಅಥವಾ ವಿಮೆಯ ಮಾತು ಮೊದಲಾಗಿರುತ್ತದೆ. ಶಾಂತಿಯ ಹಾರೈಕೆಯನ್ನು ಗಾಳವಾಗಿಸುವ ಈ ವ್ಯಾಪಾರಕ್ರಮವನ್ನು ನಾವು ಖಂಡಿಸುತ್ತೇವೆ.

ಆದರೆ ನಮ್ಮ ಉತ್ತರವೂ ಪರಿಶೀಲನೆಗೆ ಅರ್ಹವಾಗಿದೆ. ಕೆಲವರು ಬೈಯುತ್ತಾರೆ. ಆ ಕಡೆ ಕುಳಿತವನು ಯಾರದೋ ಮನೆಯ ಸಂಬಳದ ಹುಡುಗ. ಪಟ್ಟಿಯನ್ನೂ ಮಾತನ್ನೂ ಅವನಿಗೆ ಬೇರೆಯವರು ಬರೆದುಕೊಟ್ಟಿರುತ್ತಾರೆ. ಹೆಚ್ಚಿನವರು ಇನ್ನೊಂದು ತಪ್ಪು ಮಾಡುತ್ತಾರೆ: “ಇನ್ಶಾ ಅಲ್ಲಾಹ್, ಆಮೇಲೆ ನೋಡೋಣ” ಎನ್ನುತ್ತಾರೆ. ಇದನ್ನು ಸೌಜನ್ಯವೆಂದು ಭಾವಿಸುವುದು ಭ್ರಮೆ. ಕರೆ ಮುಗಿದೊಡನೆ ಅವನು ಅದರ ಫಲಿತಾಂಶವನ್ನು ದಾಖಲಿಸಬೇಕು. ‘ಆಮೇಲೆ’ ಎಂದವರ ಸಂಖ್ಯೆ ಮತ್ತೆ ಕರೆಯಬೇಕಾದವರ ಸಾಲಿಗೆ ಸೇರುತ್ತದೆ. ಕೊಳ್ಳುವ ಮನಸ್ಸಿಲ್ಲದೆ ಅಲ್ಲಾಹನ ಹೆಸರು ಹೇಳಿ ಆಸೆ ಹುಟ್ಟಿಸುವುದು ಸತ್ಯವೂ ಅಲ್ಲ, ದಯೆಯೂ ಅಲ್ಲ.

ಕಾರಣ ಹೇಳುವುದೂ ಬೇಡ. “ಈಗ ರೊಕ್ಕ ಇಲ್ಲ” ಎಂದರೆ ಕಂತಿನ ಯೋಜನೆ ಸಿದ್ಧವಾಗಿರುತ್ತದೆ. “ಮನೆಯವರನ್ನು ಕೇಳಬೇಕು” ಎಂದರೆ ನಾಳೆ ಸಂಜೆ ಮತ್ತೆ ಕರೆ ಬರುತ್ತದೆ.

ಹಾಗಾದರೆ ಏನು ಹೇಳಬೇಕು? ಮೊದಲು ಸಲಾಮಿಗೆ ಪೂರ್ಣವಾಗಿ ಪ್ರತ್ಯುತ್ತರ ಕೊಡೋಣ. ಅದು ನಮ್ಮ ಮೇಲಿನ ಹಕ್ಕು. ಅನಂತರ ಕೇಳೋಣ: “ಯಾವ ಕಂಪನಿ, ಏನ್ ವಿಷಯ ಹೇಳಪ್ಪಾ?” ವಿಷಯ ತಿಳಿದ ಮೇಲೆ: “ನಮಗ ಪ್ಲಾಟ್ ಬ್ಯಾಡ. ಮತ್ತೆ ಫೋನ್ ಮಾಡಬ್ಯಾಡಂತ ನಿಮ್ಮ ಪಟ್ಟ್ಯಾಗ ಬರ್ಕೋ. ಇಡ್ತೀನಿ, ಸಲಾಮ್.” ಅಷ್ಟಾದ ಮೇಲೆ ಫೋನ್ ಇಡುವುದು ಒರಟುತನವಲ್ಲ.

ಪರರ ಮನೆಯ ಬಾಗಿಲಲ್ಲಿ ‘ಹಿಂತಿರುಗಿ’ ಎಂದರೆ ಹಿಂತಿರುಗಬೇಕೆಂದು ಪವಿತ್ರ ಕುರ್‌ಆನ್ (24:28) ಕಲಿಸುತ್ತದೆ. ಅಂದರೆ ಮನೆಯವನಿಗೆ ‘ಇಲ್ಲ’ ಎನ್ನುವ ಅಧಿಕಾರವಿದೆ, ಬಂದವನಿಗೆ ಅದನ್ನು ಒಪ್ಪುವ ಹೊಣೆಯಿದೆ. ಫೋನೂ ಇಂದು ಮನೆಯ ಬಾಗಿಲೇ.

ಒಪ್ಪದವರಿಗೆ ಬೈಗುಳಕ್ಕಿಂತ ಕಾನೂನು ಮೇಲು. 2018ರ ಟ್ರಾಯ್ ನಿಯಮಾವಳಿಯಂತೆ 1909ಕ್ಕೆ ಕರೆ ಮಾಡಿ ಪ್ರಚಾರದ ಕರೆಗಳು ಬೇಡವೆಂದು ನೋಂದಾಯಿಸಬಹುದು. ನೋಂದಾಯಿತ ಪ್ರಚಾರ ಕರೆಗಳಿಗೆ 140ರಿಂದ ಆರಂಭವಾಗುವ ಸಂಖ್ಯೆಗಳಿವೆ. ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ ಮಾರಾಟದ ಕರೆ ಬಂದರೆ ಅದೇ ನಿಯಮಭಂಗದ ಗುರುತು. ಆ ಸಂಖ್ಯೆ, ದಿನಾಂಕ, ವಿಷಯವನ್ನು ಬರೆದಿಟ್ಟು 1909ಕ್ಕೆ ದೂರು ಕೊಡಬೇಕು. 2025ರ ತಿದ್ದುಪಡಿಯ ಬಳಿಕ ಇದಕ್ಕೆ ಮೂರು ದಿನಗಳ ಬದಲು ಏಳು ದಿನಗಳ ಅವಕಾಶವಿದೆ. ಆದರೆ ಬರಿಯ ವಂಚಕನನ್ನು ಈ ನೋಂದಣಿ ತಡೆಯಲಾರದು. ಓಟಿಪಿ ಕೇಳಿದವನೊಡನೆ ಮಾತು ಅಲ್ಲಿಗೇ ಮುಗಿಯಬೇಕು, ಅವನ ಸಲಾಮ್ ಎಷ್ಟೇ ಮಧುರವಾಗಿರಲಿ.