ಮೊದಲು ಶೂನ್ಯ ದೋಷ ನೋಡಿ

ನಮ್ಮ ಕಾರವಾರ, ಅಂಕೋಲೆ ಕಡೆಯ ಹುಡುಗ ಹುಡುಗಿಯರಿಗೆ ಈಗ ಹೊಸದೊಂದು ಉದ್ಯೋಗ ಸಿಕ್ಕಿದೆ. ಗಿರಾಕಿಯ ಹಣದಲ್ಲಿ ಗೂಗಲ್, ಫೇಸ್‌ಬುಕ್‌ಗಳಲ್ಲಿ ಜಾಹೀರಾತು ಹಾಕುವ ಕೆಲಸ. ಇದಕ್ಕೆ ‘ಪೇಯ್ಡ್ ಮೀಡಿಯಾ’ ಎನ್ನುತ್ತಾರೆ. ಇಂಥ ತಂಡ ಸೇರಿದವರು ಮೊದಲ ತಿಂಗಳು ಏನೇನು ಪರೀಕ್ಷಿಸಬೇಕು?

ಮೊದಲ ವಾರ ಖಾತೆಯನ್ನು ನೋಡುವ ಅನುಮತಿಯಷ್ಟೇ ಸಾಕು, ಬದಲಿಸುವ ಅಧಿಕಾರ ಬೇಡ. ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜ್ ಕೊಟ್ಟರೆ ತಂತಿ ಅಳೆಯುವ ಮುನ್ನ ಶೂನ್ಯ ದೋಷ ನೋಡುತ್ತೇವಲ್ಲವೆ? ಇಲ್ಲಿಯೂ ಹಾಗೆಯೇ. ಇಲ್ಲಿಯ ಮಾಪಕವೆಂದರೆ ಜಾಹೀರಾತು ನೋಡಿ ಎಷ್ಟು ಜನ ಕೊಂಡರೆಂದು ಎಣಿಸುವ ವ್ಯವಸ್ಥೆ.

ಅಂಕೋಲೆಯ ಕರಿ ಇಶಾಡ ಮಾವನ್ನು ಪೆಟ್ಟಿಗೆಯಲ್ಲಿ ಕಳಿಸುವ ಒಬ್ಬ ವ್ಯಾಪಾರಿ ಇದ್ದಾರೆನ್ನಿ. ಒಂದು ಪೆಟ್ಟಿಗೆಗೆ ಜಾಹೀರಾತಿನ ಖರ್ಚು ಬಿಟ್ಟು ಉಳಿಯುವುದು 500 ರೂಪಾಯಿ. ಜಾಹೀರಾತಿಗೆ 6,000 ರೂಪಾಯಿ ಹೋಯಿತು, ಪರದೆ 15 ಮಾರಾಟ ತೋರಿಸುತ್ತದೆ. ಪೆಟ್ಟಿಗೆಗೆ 400 ಖರ್ಚು, 100 ಲಾಭ. ಆದರೆ ವ್ಯಾಪಾರಿಯ ಪುಸ್ತಕದಲ್ಲಿ ಜಾಹೀರಾತಿನಿಂದ ಬಂದ ಆರ್ಡರು 10 ಮಾತ್ರ. ಹಾಗಾದರೆ ಖರ್ಚು 600, ಪ್ರತಿ ಪೆಟ್ಟಿಗೆಗೆ 100 ನಷ್ಟ! ಪರದೆಯನ್ನು ನಂಬಿ ಬಜೆಟ್ ಹೆಚ್ಚಿಸಿದಷ್ಟೂ ನಷ್ಟ ಬೆಳೆಯುತ್ತದೆ.

ಉಳಿದ ಐದು ಎಲ್ಲಿಂದ ಬಂದವು? ಹಣ ಕಟ್ಟಿದ ಮೇಲೆ ‘ಧನ್ಯವಾದ’ ಎಂಬ ಪುಟ ಬರುತ್ತದೆ. ಎಣಿಕೆಯಾಗುವುದು ಅಲ್ಲಿ. ಆರ್ಡರು ಸಂಖ್ಯೆ ನೋಡಲು ಗಿರಾಕಿ ಅದನ್ನು ಮತ್ತೆ ತೆರೆದರೆ ಇನ್ನೊಂದು ಮಾರಾಟ ದಾಖಲಾಗಬಹುದು. ಪತ್ತೆಹಚ್ಚಲು ಜಾಹೀರಾತನ್ನು ಒತ್ತಿ ಬಂದು ನೀವೇ ಒಂದು ಪರೀಕ್ಷಾ ಆರ್ಡರು ಹಾಕಿ, ಆ ಪುಟವನ್ನು ಎರಡು ಸಲ ತೆರೆಯಿರಿ. ಮರುದಿನ ಎರಡು ಲೆಕ್ಕ ಕಂಡರೆ ದೋಷ ಖಚಿತ. ಪ್ರತಿ ಆರ್ಡರಿಗೂ ಬೇರೆ ಬೇರೆ transaction_id ಕಳಿಸುವಂತೆ ಮಾಡಿದರೆ ಗೂಗಲ್ ಒಂದೇ ಸಲ ಎಣಿಸುತ್ತದೆ. ಪುಸ್ತಕವನ್ನೂ ಪರದೆಯನ್ನೂ ತಾಳೆ ನೋಡುವುದು ಎರಡನೆಯ ವಾರದ ಕೆಲಸವಾಗಲಿ. ಎರಡೂ ಪೂರ್ತಿ ಹೊಂದುವುದಿಲ್ಲ. ಫೋನಿನಲ್ಲಿ ಜಾಹೀರಾತು ನೋಡಿ ಕಂಪ್ಯೂಟರಿನಲ್ಲಿ ಕೊಂಡವರು ತಪ್ಪಿಹೋಗಬಹುದು. ಆದರೆ ಪರದೆಯ ಲೆಕ್ಕ ಪುಸ್ತಕಕ್ಕಿಂತ ಹೆಚ್ಚಿದ್ದರೆ ಅನುಮಾನ ಪಡಲೇಬೇಕು.

ಮೂರನೆಯ ವಾರ ಊರಿನ ಆಯ್ಕೆ ನೋಡಿ. ಅಂಕೋಲೆಯಲ್ಲಿ ಮಾತ್ರ ಮನೆಗೆ ತಲುಪಿಸುವ ಅಂಗಡಿಗೆ Presence or interest ಎಂಬುದು ಆಯ್ಕೆಯಾಗಿದ್ದರೆ, ಮುಂಬಯಿಯಲ್ಲಿ ಕುಳಿತು ಅಂಕೋಲೆಯ ಬಗ್ಗೆ ಹುಡುಕುವವರಿಗೂ ಜಾಹೀರಾತು ಹೋದೀತು. ಕಾರವಾರದ ಹೋಮ್‌ಸ್ಟೇಗೆ ಅದೇ ವರ.

ಬಜೆಟ್ ನೋಡಿ ಗಾಬರಿಯಾಗುವವರೂ ಇದ್ದಾರೆ. ದಿನಕ್ಕೆ 500 ಎಂದು ಗೂಗಲ್‌ಗೆ ಹೇಳಿದ್ದರೂ ಒಂದು ದಿನ 950 ಹೋಗಿರುತ್ತದೆ. ಸಾಮಾನ್ಯವಾಗಿ ದಿನಕ್ಕೆ ಎರಡರಷ್ಟರವರೆಗೆ ಖರ್ಚಾಗಬಹುದು, ತಿಂಗಳಿಗೆ ಮಾತ್ರ 30.4 ಪಟ್ಟು, ಅಂದರೆ 15,200 ದಾಟದು. ಆ ಒಂದು ದಿನ ನೋಡಿ ಬಜೆಟ್ ಕತ್ತರಿಸಬಾರದು.

ನಾಲ್ಕನೆಯ ವಾರ ಹಿರಿಯರನ್ನು ಕೇಳಿ ಒಂದೇ ಒಂದು ಬದಲಾವಣೆ ಮಾಡಿ, ದಿನಾಂಕ ಬರೆದಿಡಿ, ಒಂದು ವಾರ ಮುಟ್ಟದಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲ ಯಾವುದರದೆಂದು ಹೇಳಲಾಗದು.